ಡಬ್ಬಿ ಎರಡು, ಸಾರು ಒಂದಕ್ಕೆ: 30 ಸೆಕೆಂಡಿನ ರೀಲ್‌ಗೆ ದನಿ ಬರೆಯೋ ಲೆಕ್ಕ

(ಎಪಿಸೋಡಿನ ಬರಹ ರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಇವತ್ತಿನ ವಿಷಯ ನಾನು ಕಲಿತಿದ್ದೇ ಆ ತಪ್ಪಿನಿಂದ.

ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಪ್ರೆಸ್ ಶಾಪ್ ಇದೆ. ಹೆಸರು ಬೇಡ. ಮೊದಲು ಬೇರೆ ಕಂಪನಿಗಳಿಗೆ ಶೀಟ್ ಮೆಟಲ್ ಬಿಡಿಭಾಗ ಒತ್ತಿ ಕೊಡ್ತಿದ್ದವರು, ಆಮೇಲೆ ತಮ್ಮದೇ ಹೆಸರಲ್ಲಿ ಊಟದ ಡಬ್ಬಿ ಮಾಡೋಕೆ ಶುರು ಮಾಡಿದರು. ಆನ್‌ಲೈನ್‌ನಲ್ಲೇ ಮಾರಾಟ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕೆ ಹೋಗೋರೇ ಗಿರಾಕಿಗಳು. ಮಾಲೀಕರು ನನಗೆ ಫೋನ್ ಮಾಡಿ, "ನೋಡಮ್ಮ, ಒಂದು ರೀಲ್ ಇದೆ, ಅದಕ್ಕೆ ನಿನ್ನ ದನಿ ಬೇಕು, 30 ಸೆಕೆಂಡ್ ಅಷ್ಟೇ" ಅಂದರು. ವಿಡಿಯೋ ಅವರ ಮಗ ಮೊಬೈಲಲ್ಲೇ ತೆಗೆದಿದ್ದ. ನಾನು ಒಂದು ಸಲ ನೋಡಿ, ಡಬ್ಬಿಯ ವಿವರಣೆ ಮೇಲೆ ಕಣ್ಣಾಡಿಸಿ, ಹದಿನೈದು ನಿಮಿಷದಲ್ಲಿ ಬರೆದುಬಿಟ್ಟೆ. ಬರೆದಿದ್ದು ಇಷ್ಟು:

"ಆಫೀಸ್ ಊಟಕ್ಕೆ ಪರ್ಫೆಕ್ಟ್ ಡಬ್ಬಿ! ಮುಕ್ಕಾಲು ಲೀಟರ್. ಪೂರ್ತಿ ತ್ರೀ ನಾಟ್ ಫೋರ್ ಸ್ಟೀಲ್. ಒಂದು ಹನಿ ಸಾರೂ ಸೋರಲ್ಲ. ಬ್ಯಾಗಲ್ಲಿ ಹಾಕಿ, ಹೊರಡಿ!"

ಕೇಳೋಕೆ ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಎರಡು ವಾರ ಆದಮೇಲೆ ಮಾಲೀಕರ ಫೋನ್. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಹುಡುಗ ಡಬ್ಬಿಗೆ ಹುಳಿ ತುಂಬಿಕೊಂಡು, ಲ್ಯಾಪ್‌ಟಾಪ್ ಬ್ಯಾಗಲ್ಲೇ ಇಟ್ಟುಕೊಂಡು ಹಳದಿ ಮೆಟ್ರೋ ಹತ್ತಿದ್ದಾನೆ. ಇಳಿಯೋ ಹೊತ್ತಿಗೆ ಬ್ಯಾಗಿನ ತಳ ಒದ್ದೆ. ಲ್ಯಾಪ್‌ಟಾಪ್ ಕೀಬೋರ್ಡ್ ಕೆಟ್ಟಿದೆ. ಅವನು ಮಾಲೀಕರಿಗೆ ಕಳಿಸಿದ್ದು ಬೈಗುಳವಲ್ಲ, ನಮ್ಮದೇ ರೀಲ್. ಕೆಳಗೆ ಒಂದೇ ಸಾಲು: "ನೀವು ತೋರಿಸಿದ ಹಾಗೇ ಮಾಡಿದ್ದೀನಿ."

ಅವನು ಹೇಳಿದ್ದು ನಿಜ. ಡಬ್ಬಿಯಲ್ಲಿ ಎರಡು ಪಾತ್ರೆ ಇದೆ, ಒಂದು ದೊಡ್ಡದು, ಒಂದು ಚಿಕ್ಕದು. ಸಿಲಿಕಾನ್ ರಿಂಗ್ ಇರೋದು ದೊಡ್ಡದರ ಮುಚ್ಚಳಕ್ಕೆ ಮಾತ್ರ. ವಿವರಣೆಯಲ್ಲಿ ಅದು ಸ್ಪಷ್ಟವಾಗೇ ಇತ್ತು. ಆದರೆ ರೀಲ್‌ನಲ್ಲಿ, ನನ್ನ ದನಿ "ಒಂದು ಹನಿ ಸಾರೂ ಸೋರಲ್ಲ" ಅನ್ನೋ ಹೊತ್ತಿಗೆ ಸರಿಯಾಗಿ, ಪರದೆ ಮೇಲೆ ಸೌಟಿನಿಂದ ಸಾರು ಬೀಳ್ತಾ ಇದ್ದದ್ದು ಚಿಕ್ಕ ಪಾತ್ರೆಗೆ. ಬಿಸಿ ಹಬೆ, ಒಗ್ಗರಣೆ, ಒಳ್ಳೇ ಶಾಟ್, ಅದಕ್ಕೇ ಹಾಕಿದ್ದ ಹುಡುಗ.

ಈಗ ಗಮನಿಸಿ. ದನಿಯನ್ನು ಮಾತ್ರ ತಗೊಂಡರೆ ಅದು ದೊಡ್ಡ ಪಾತ್ರೆಗೆ ಒಪ್ಪುತ್ತೆ. ಚಿತ್ರ ಮಾತ್ರ ತಗೊಂಡರೆ, ಯಾರೋ ಚಿಕ್ಕ ಪಾತ್ರೆಗೆ ಸಾರು ಹಾಕ್ತಿದ್ದಾರೆ, ಅದರಲ್ಲೇನೂ ಸುಳ್ಳಿಲ್ಲ. ಎರಡನ್ನೂ ಒಂದೇ ಸೆಕೆಂಡಿಗೆ ಸೇರಿಸಿದಾಗ ಸುಳ್ಳು ಹುಟ್ಟಿತು. ರೀಲ್‌ಗೆ ದನಿ ಬರೆಯೋದರಲ್ಲಿ ಕಷ್ಟ ಇರೋದು ಇಲ್ಲೇ. ಬರೆದ ಜಾಹೀರಾತಲ್ಲಿ ಒಂದು ಮಾತು ನಿಜವೋ ಸುಳ್ಳೋ ಅಂತ ಆ ಮಾತನ್ನೇ ನೋಡಿ ಹೇಳಬಹುದು. ರೀಲ್‌ನಲ್ಲಿ ಆ ಮಾತಿನ ಹೊತ್ತಿಗೆ ಏನು ಕಾಣ್ತಿದೆ ಅನ್ನೋದೂ ಆ ಮಾತಿನ ಭಾಗ.

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪೇಪರ್‌ನಲ್ಲಿ ಒಂದು ಪಾಠ ಇತ್ತು, ವೌಚಿಂಗ್ ಅಂತ. ಲೆಕ್ಕದ ಪುಸ್ತಕದಲ್ಲಿ ಏನೇ ಎಂಟ್ರಿ ಇರಲಿ, ಅದಕ್ಕೊಂದು ವೋಚರ್ ತೋರಿಸಬೇಕು. ಚೀಟಿ ಇಲ್ಲದ ಖರ್ಚು ಖರ್ಚೇ ಅಲ್ಲ. ಆ ಪೇಪರ್‌ನಲ್ಲಿ ನನ್ನ ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ. ಆದರೆ ಎರಡನೇ ಸಲ ಆ ರೀಲ್ ಬರೆಯುವಾಗ ನನ್ನ ಕೈಹಿಡಿದಿದ್ದು ಅದೇ ಪಾಠ. ಸ್ಕ್ರಿಪ್ಟಿನ ಪ್ರತಿ ತುಂಡಿಗೂ ವಿವರಣೆಯ ಒಂದು ಸಾಲು ವೋಚರ್ ಆಗಿ ಇರಬೇಕು. ಹೇಗೆ ಮಾಡಿದೆ ಅಂತ ಪೂರ್ತಿ ಹೇಳ್ತೀನಿ.

ಮೊದಲು ವಿವರಣೆಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ನಂಬರ್ ಹಾಕಿದೆ. ನೋಟ್‌ಬುಕ್‌ನಲ್ಲಿ ಹೀಗಿತ್ತು:

1. ಊಟದ ಡಬ್ಬಿ, 2 ಪಾತ್ರೆ
2. ದೊಡ್ಡದು 500 ಮಿಲಿ, ಚಿಕ್ಕದು 250 ಮಿಲಿ, ಒಟ್ಟು 750 ಮಿಲಿ
3. ಒಳಪಾತ್ರೆ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್
4. ಹೊರ ಕವಚ ಮತ್ತು ಮುಚ್ಚಳ ಪ್ಲಾಸ್ಟಿಕ್
5. ದೊಡ್ಡ ಪಾತ್ರೆಯ ಮುಚ್ಚಳಕ್ಕೆ ಸಿಲಿಕಾನ್ ರಿಂಗ್, 4 ಕ್ಲಿಪ್, ಸೋರುವುದಿಲ್ಲ
6. ಚಿಕ್ಕ ಪಾತ್ರೆ ಒಣ ಪದಾರ್ಥಕ್ಕೆ ಮಾತ್ರ
7. ಮೈಕ್ರೋವೇವ್‌ನಲ್ಲಿ ಇಡಬಾರದು
8. ತೂಕ 480 ಗ್ರಾಂ, ಬಣ್ಣ ನೀಲಿ
9. ಚೀಲ ಸೇರಿಲ್ಲ
10. ಬೆಲೆ 649 ರೂಪಾಯಿ, ಎಲ್ಲ ತೆರಿಗೆ ಸೇರಿ

ಇದಲ್ಲದೆ ತಯಾರಕರ ವಿಳಾಸ, ಯಾವ ದೇಶದಲ್ಲಿ ತಯಾರಾಗಿದ್ದು, ದೂರಿಗೆ ಯಾರನ್ನು ಸಂಪರ್ಕಿಸಬೇಕು ಅನ್ನೋದೂ ಪಟ್ಟಿಯಲ್ಲಿ ಇದ್ದವು. ಪ್ಯಾಕ್ ಮಾಡಿದ ಸರಕಿನ ಬಗ್ಗೆ 2011ರ ಕಾನೂನು ಮಾಪನ ನಿಯಮಗಳು ಅವನ್ನು ಕೇಳುತ್ತವೆ. ಅವು ದನಿಗೆ ಬೇಕಿಲ್ಲ, ಅಲ್ಲೇ ಇರಲಿ.

ಈಗ ನನ್ನ ಹಳೇ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು ಪ್ರತಿ ಪದಕ್ಕೂ ನಂಬರ್ ಹುಡುಕಿದೆ. "ಪರ್ಫೆಕ್ಟ್": ಯಾವ ನಂಬರೂ ಇಲ್ಲ. "ಪೂರ್ತಿ ತ್ರೀ ನಾಟ್ ಫೋರ್": 3ನೇ ಸಾಲು "ಒಳಪಾತ್ರೆ" ಅನ್ನುತ್ತೆ, 4ನೇ ಸಾಲು ಹೊರಗಡೆ ಪ್ಲಾಸ್ಟಿಕ್ ಅನ್ನುತ್ತೆ. "ಪೂರ್ತಿ" ಅನ್ನೋದು ನಾನು ಸೇರಿಸಿದ್ದು, ಎರಡಕ್ಷರದ ಪದ, ಲಯ ಕೂತ್ಕೊಳ್ಳುತ್ತೆ ಅಂತ. "ಬ್ಯಾಗಲ್ಲಿ ಹಾಕಿ": ಆ ಶಾಟ್‌ನಲ್ಲಿ ಅವರ ಮನೆಯ ಸೆಣಬಿನ ಚೀಲ ಕಾಣ್ತಿತ್ತು, 9ನೇ ಸಾಲಿನ ಪ್ರಕಾರ ಚೀಲ ಸೇರಿಲ್ಲ. ಆಮೇಲೆ ಕೇಳಿದರೆ, "ಚೀಲ ಎಲ್ಲಿ?" ಅಂತ ಮೂರು ಜನ ಆಗಲೇ ಮೆಸೇಜ್ ಮಾಡಿದ್ದರಂತೆ.

"ಮುಕ್ಕಾಲು ಲೀಟರ್" ಇದೆಯಲ್ಲ, ಇದರ ಬಗ್ಗೆ ಸ್ವಲ್ಪ ನಿಲ್ಲೋಣ. ಲೆಕ್ಕದ ಪ್ರಕಾರ ಇದು ಸರಿ, 750 ಮಿಲಿ ಅಂದರೆ ಮುಕ್ಕಾಲು ಲೀಟರೇ. ಆದರೆ "ಮುಕ್ಕಾಲು ಲೀಟರ್ ಡಬ್ಬಿ" ಅಂತ ಕೇಳಿದವರ ಕಣ್ಣಮುಂದೆ ಮುಕ್ಕಾಲು ಲೀಟರ್ ಹಿಡಿಯೋ ಒಂದೇ ಪಾತ್ರೆ ಬರುತ್ತೆ. "ಒಟ್ಟು" ಅನ್ನೋ ಎರಡಕ್ಷರ ಬಿಟ್ಟಿದ್ದಕ್ಕೆ ಅರ್ಥವೇ ಬದಲಾಯ್ತು. ಅಮ್ಮಂದಿರು ಅಳತೆ ಹೇಳೋದು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು ಅಂತ. ರೀಲ್‌ಗೆ ಈ ಪದಗಳು ಬಂಗಾರ. "ಇನ್ನೂರ ಐವತ್ತು ಮಿಲಿಲೀಟರ್" ಅನ್ನೋಕೆ ಹತ್ತು ಅಕ್ಷರ ಬೇಕು, "ಕಾಲು ಲೀಟರ್" ನಾಲ್ಕರಲ್ಲೇ ಮುಗಿಯುತ್ತೆ. ಆದರೆ ಇವು ಸರಿಯಾಗಿ ಕೂರೋದು 250, 500, 750, 1250 ಇಂಥ ಅಂಕಿಗಳಿಗೆ ಮಾತ್ರ. ಡಬ್ಬಿ 700 ಮಿಲಿ ಇದ್ದರೆ ಅದನ್ನ "ಮುಕ್ಕಾಲು" ಅನ್ನೋ ಹಾಗಿಲ್ಲ. ಮಾತಲ್ಲಿ "ಹತ್ತತ್ರ ಮುಕ್ಕಾಲು" ಅಂತೀವಿ, ಸರಿ. ಮಾರೋ ಸರಕಿಗೆ ಹತ್ತತ್ರ ನಡೆಯಲ್ಲ.

ಇಲ್ಲೊಂದು ಪ್ರಶ್ನೆ ಬರುತ್ತೆ. ವಿವರಣೆಯ ಪ್ರತಿ ವಿವರಕ್ಕೂ ಹೊಂದಬೇಕು ಅಂದರೆ, ಹತ್ತೂ ಸಾಲನ್ನು ಬಾಯಲ್ಲಿ ಹೇಳಬೇಕಾ? 30 ಸೆಕೆಂಡಲ್ಲಿ ಆಗೋ ಮಾತಲ್ಲ. ಹೇಳಿದ ಯಾವ ಮಾತೂ, ತೋರಿಸಿದ ಯಾವ ಚಿತ್ರವೂ ಆ ಹತ್ತರಲ್ಲಿ ಒಂದನ್ನೂ ಸುಳ್ಳು ಮಾಡಬಾರದು, ಅಷ್ಟೇ ಬೇಕಾಗಿರೋದು. ಹಾಗಾಗಿ ನಾನು ಪ್ರತಿ ನಂಬರಿಗೂ ಒಂದು ಜಾಗ ಗೊತ್ತು ಮಾಡಿದೆ: ದನಿಯಲ್ಲಾ, ಚಿತ್ರದಲ್ಲಾ, ಪರದೆ ಮೇಲಿನ ಅಕ್ಷರದಲ್ಲಾ, ಕೆಳಗಿನ ಕ್ಯಾಪ್ಷನ್‌ನಲ್ಲಾ.

ಬಣ್ಣ ಚಿತ್ರಕ್ಕೆ ಬಿಟ್ಟೆ. ನೀಲಿ ಡಬ್ಬಿ ಕಣ್ಣಿಗೆ ಕಾಣ್ತಿರುವಾಗ "ನೀಲಿ" ಅನ್ನೋಕೆ ಉಸಿರು ಯಾಕೆ ಖರ್ಚು ಮಾಡೋದು? ಆದರೆ ಒಂದು ಎಚ್ಚರಿಕೆ. ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ತೆಗೆದು ಮೇಲೊಂದು ಫಿಲ್ಟರ್ ಹಾಕಿದರೆ ನೀಲಿ ಹೋಗಿ ಹಸಿರು ಛಾಯೆ ಬರುತ್ತೆ. ಚಿತ್ರಕ್ಕೆ ಬಿಟ್ಟ ವಿವರವನ್ನು ಚಿತ್ರ ಸರಿಯಾಗಿ ಹೇಳ್ತಿದೆಯಾ ಅಂತ ನೋಡಬೇಕು. ಹಗಲು ಬೆಳಕಲ್ಲಿ ಬಾಗಿಲ ಹತ್ತಿರ ಇಟ್ಟು ಮತ್ತೆ ತೆಗೆಸಿದೆ.

ಬೆಲೆಯನ್ನು ಕ್ಯಾಪ್ಷನ್‌ಗೆ ಹಾಕಿದೆ, ದನಿಗೆ ಬೇಡ ಅಂದೆ. ಮಾಲೀಕರಿಗೆ ಇದು ಇಷ್ಟ ಆಗಲಿಲ್ಲ. "ಬೆಲೆನೇ ಅಲ್ವೇನಮ್ಮ ಜನ ಕೇಳೋದು?" ಅಂದರು. ನಿಜ. ಆದರೆ ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಮಾಡಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ದನಿ ತಿದ್ದೋಕೆ ಆಗಲ್ಲ. ಸ್ಟೀಲ್ ಶೀಟ್ ಬೆಲೆ ಏರಿದರೆ ನಾಳೆ ಡಬ್ಬಿ 679 ಆಗಬಹುದು. ಆಗ ನನ್ನ ದನಿ ಮಾತ್ರ "ಆರುನೂರ ನಲವತ್ತೊಂಬತ್ತು" ಅಂತ ಹಾಡ್ತಾನೇ ಇರುತ್ತೆ. "ಇವತ್ತು ಮಾತ್ರ ಆಫರ್" ಅನ್ನೋದೂ ಇದೇ ಜಾತಿ. ಆರು ತಿಂಗಳಾದರೂ ಆ ರೀಲ್‌ಗೆ ಅದೇ "ಇವತ್ತು".

ಮುಖ್ಯವಾದದ್ದು 5 ಮತ್ತು 6. ಸೋರಲ್ಲ ಅನ್ನೋದು ಈ ಡಬ್ಬಿಯ ದೊಡ್ಡ ಮಾತು, ಜನ ಕೊಳ್ಳೋದೇ ಅದಕ್ಕೆ. ಚಿಕ್ಕದಕ್ಕೆ ಅದು ಅನ್ವಯಿಸಲ್ಲ ಅನ್ನೋದು ಅದರ ಷರತ್ತು. ಷರತ್ತನ್ನು ಕ್ಯಾಪ್ಷನ್‌ಗೆ ತಳ್ಳಿ, ಮಾತನ್ನು ಮಾತ್ರ ದನಿಯಲ್ಲಿ ಹೇಳೋದು ಬಹಳ ಜನ ಮಾಡೋ ಕೆಲಸ. ರೀಲ್ ನೋಡೋರಲ್ಲಿ ಎಷ್ಟು ಜನ ಕ್ಯಾಪ್ಷನ್ ಬಿಡಿಸಿ ಓದ್ತಾರೆ, ನೀವೇ ಹೇಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತು ತಡೆಯೋಕೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ನಮ್ಮಂಥವರಿಗೆ ನೇರವಾಗಿ ತಾಗೋ ಎರಡು ಮಾತಿವೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಹೇಳಿಕೆ ದನಿಯಲ್ಲಿ ಬಂದರೆ, ಷರತ್ತು ಆ ದನಿಯ ಹೊತ್ತಿಗೇ ಕಾಣಿಸಬೇಕು. ಅಂದರೆ ಕನ್ನಡದಲ್ಲಿ "ಸೋರಲ್ಲ" ಅಂತ ಹೇಳಿ, ಕೊನೇ ಸೆಕೆಂಡಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಷರತ್ತು ಓಡಿಸಿದರೆ ಆಗಲ್ಲ. ದಾರಿತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕೋ ಅಧಿಕಾರ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದವರಿಗೂ ಇದು ತಾಗಬಹುದು. ಮಾತು ಹೇಳೋ ಮುಂಚೆ ತಕ್ಕಷ್ಟು ಪರಿಶೀಲನೆ ಮಾಡಿದ್ದರೆ ಅವರಿಗೆ ರಕ್ಷಣೆ ಉಂಟು. ನಂಬರ್ ಹಾಕಿದ ಆ ನೋಟ್‌ಬುಕ್ ಪುಟವನ್ನು, ಮಾಲೀಕರು ಒಪ್ಪಿ ಕಳಿಸಿದ ಮೆಸೇಜನ್ನು ನಾನು ಈಗ ಎಸೆಯದೆ ಇಟ್ಟುಕೊಳ್ಳೋದು ಅದಕ್ಕೇ.

ಮಾರ್ಗಸೂಚಿ ಕೇಳೋದು ಷರತ್ತು ಕಾಣಿಸಬೇಕು ಅಂತ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಷರತ್ತನ್ನು ದನಿಯಲ್ಲೇ ಹೇಳ್ತೀನಿ, ಹೇಳಿಕೆಯ ಪಕ್ಕದ ವಾಕ್ಯದಲ್ಲೇ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಬೇರೆಲ್ಲೋ ನೋಡ್ತಾ ಕೇಳೋರೂ ಇರ್ತಾರೆ.

ಇನ್ನು ಸ್ಟೀಲಿನ ಕಥೆ. ಎರಡನೇ ಸಲದ ಶೂಟಿಂಗ್‌ಗೆ ಮಾಲೀಕರ ಮಗ ಒಂದು ಹೊಸ ಐಡಿಯಾ ತಂದ. ಒಳಪಾತ್ರೆಗೆ ಅಯಸ್ಕಾಂತ ಹಿಡಿಯೋದು, ಅಂಟದೇ ಬೀಳೋದನ್ನ ತೋರಿಸೋದು, "ನೋಡಿ, ಅಸಲಿ ತ್ರೀ ನಾಟ್ ಫೋರ್" ಅನ್ನೋದು. ಇಂಥ ರೀಲ್ ನೀವೂ ನೋಡಿರ್ತೀರಿ. ಶೆಡ್ಡಿನಲ್ಲಿ ಡೈ ನೋಡಿಕೊಳ್ಳೋ ಹಿರಿಯ ಮೇಸ್ತ್ರಿ ಅದನ್ನ ಕೇಳಿ ನಕ್ಕರು. 304 ಅಂದರೆ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರೋ ಸ್ಟೀಲ್. ನಿಕ್ಕಲ್ ದುಬಾರಿ. ಅದನ್ನ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ ಸ್ಟೀಲ್ ಕೂಡ ಇದೆ, 200ರ ಸರಣಿ ಅಂತಾರೆ. ಅದಕ್ಕೂ ಅಯಸ್ಕಾಂತ ಅಂಟಲ್ಲ! ಇನ್ನೊಂದು ತಮಾಷೆ ನೋಡಿ: ಅಸಲಿ 304 ಶೀಟನ್ನೇ ಪ್ರೆಸ್‌ನಲ್ಲಿ ಆಳವಾಗಿ ಎಳೆದು ಪಾತ್ರೆ ಮಾಡಿದಾಗ, ಹೆಚ್ಚು ಹಿಗ್ಗಿದ ಮೂಲೆಗಳಲ್ಲಿ ಅದು ಅಯಸ್ಕಾಂತವನ್ನ ಸ್ವಲ್ಪ ಸೆಳೆಯೋಕೆ ಶುರು ಮಾಡುತ್ತೆ. ಮೇಸ್ತ್ರಿ ಅಲ್ಲೇ ತೋರಿಸಿದರು. ತಳದಲ್ಲಿ ಅಂಟದ ಅಯಸ್ಕಾಂತ ಮೂಲೆಯಲ್ಲಿ ಮೆಲ್ಲಗೆ ಹಿಡಿದುಕೊಳ್ತು.

ಅಂದರೆ ಆ ಶಾಟ್ ಯಾವುದನ್ನೂ ಸಾಬೀತು ಮಾಡಲ್ಲ. ಅಗ್ಗದ ಸ್ಟೀಲೂ ಪಾಸಾಗುತ್ತೆ, ಅಸಲಿಯೂ ಮೂಲೆಯಲ್ಲಿ ಫೇಲಾಗುತ್ತೆ. ನಾಳೆ ಯಾರಾದರೂ ಮನೇಲಿ ಫ್ರಿಜ್ಜಿನ ಅಯಸ್ಕಾಂತ ತಗೊಂಡು ಮೂಲೆಗೆ ಹಿಡಿದರೆ "ನಕಲಿ ಮಾಲು" ಅಂತ ಕಮೆಂಟ್ ಬರುತ್ತೆ, ನಾವೇ ಹೇಳಿಕೊಟ್ಟ ಪರೀಕ್ಷೆ ಅದು. 304ಕ್ಕೆ ನಿಜವಾದ ವೋಚರ್ ಅಂದರೆ ಶೀಟ್ ಕೊಂಡಾಗ ಬರೋ ಟೆಸ್ಟ್ ಸರ್ಟಿಫಿಕೇಟ್. ಅದರಲ್ಲಿ ಗ್ರೇಡು, ಯಾವ ಲೋಹ ಎಷ್ಟು ಅಂತ ಎಲ್ಲ ಇರುತ್ತೆ. ನಾನು ಅದನ್ನ ಕೇಳಿ ನೋಡಿದೆ, 3ನೇ ಸಾಲಿಗೆ ಟಿಕ್ ಹಾಕಿದೆ, ಅಯಸ್ಕಾಂತದ ಶಾಟ್ ತೆಗೆಸಿದೆ.

ಇದೇ ನೆಪದಲ್ಲಿ ಇನ್ನೊಂದು ಸಾಲೂ ಹೋಯ್ತು. "ಏಷ್ಯಾದಲ್ಲೇ ದೊಡ್ಡ ಕೈಗಾರಿಕಾ ಪ್ರದೇಶ ಪೀಣ್ಯದಿಂದ" ಅಂತ ಶುರು ಮಾಡೋಣ ಅಂತ ಮಾಲೀಕರ ಆಸೆ. ಈ ಮಾತನ್ನ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೀವಿ. ಇರಲಿ, ಡಬ್ಬಿಯ ವಿವರಣೆಯಲ್ಲಿ ಏಷ್ಯಾ ಇಲ್ಲ.

ವಿವರಣೆಗೆ ಹೊಂದಿಸಬೇಕು ಅಂತ ಇಷ್ಟೊತ್ತು ಹೇಳಿದೆ, ಆದರೆ ವಿವರಣೆಯೇ ತಪ್ಪಿದ್ದರೆ? ಅಳತೆ ಮಾಡಿ ನೋಡೋದು ಸುಲಭ. ಅಡುಗೆಮನೆ ತಕ್ಕಡಿ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ ನೀರು ಹಾಕಿ. ನೀರು ಒಂದು ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಮಿಲಿ. ದೊಡ್ಡ ಪಾತ್ರೆಗೆ 500 ಗ್ರಾಂ ನೀರು ಹಿಡಿಸ್ತು, ಸರಿಯಾಗಿ ಅಂಚಿನವರೆಗೆ. ಆದರೆ ಮುಚ್ಚಳ ಹಾಕಿದಾಗ ರಿಂಗ್ ಇರೋ ಏಣು ಒಳಗಿಳಿದು ಸ್ವಲ್ಪ ನೀರು ಹೊರಗೆ ಚೆಲ್ಲಿತು. ಯಾರೂ ಸಾರನ್ನ ಅಂಚಿನವರೆಗೆ ತುಂಬಲ್ಲ ಅನ್ನಬಹುದು, ಆದರೆ ಹಾಸ್ಟೆಲ್ ಹುಡುಗರನ್ನ ನೀವು ನೋಡಿಲ್ಲ. ಮಾಲೀಕರು ಆವತ್ತೇ 2ನೇ ಸಾಲಿಗೆ "ಅಂಚಿನವರೆಗೆ ಅಳತೆ" ಅಂತ ಸೇರಿಸಿದರು. ನಾವು ಆ ಎರಡು ಪದವನ್ನ ಪರದೆ ಮೇಲೆ ದನಿಯ ಜೊತೆಗೇ ಬರೋ ಹಾಗೆ ಇಟ್ಟೆವು.

ಸೋರೋದನ್ನೂ ಪರೀಕ್ಷೆ ಮಾಡಿದೆವು. ತಣ್ಣೀರು ಹಾಕಿ ಪೇಪರ್ ಮೇಲೆ ತಲೆಕೆಳಗೆ ಇಡೋದು ಸುಲಭದ ಪರೀಕ್ಷೆ. ಜನ ಹಾಕೋದು ಬಿಸಿ ಸಾರು. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನ ತಳ್ಳುತ್ತೆ. ಅದಕ್ಕೇ ಬಿಸಿನೀರು ಹಾಕಿ, ನಾಲ್ಕೂ ಕ್ಲಿಪ್ ಒತ್ತಿ, ಮಗ್ಗುಲಾಗಿ ಮಲಗಿಸಿ ಅರ್ಧ ಗಂಟೆ ಬಿಟ್ಟೆವು. ಪೇಪರ್ ಒಣಗೇ ಇತ್ತು. ಮೂರು ಕ್ಲಿಪ್ ಹಾಕಿ ನೋಡಿದರೆ ಒದ್ದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ "ನಾಲ್ಕು ಕ್ಲಿಪ್ ಹಾಕಿದರೆ" ಅನ್ನೋ ಮಾತು ಅಲಂಕಾರಕ್ಕೆ ಬಂದದ್ದಲ್ಲ.

ಈಗ ಉದ್ದದ ಲೆಕ್ಕ. ಇಂಗ್ಲಿಷ್ ವಿಡಿಯೋಗಳಲ್ಲಿ 30 ಸೆಕೆಂಡಿಗೆ ಇಷ್ಟು ಪದ ಅಂತ ಹೇಳಿಕೊಡ್ತಾರೆ. ಕನ್ನಡಕ್ಕೆ ಪದದ ಲೆಕ್ಕ ಕೈಕೊಡುತ್ತೆ. "ಮೈಕ್ರೋವೇವ್‌ನಲ್ಲಿ" ಅನ್ನೋದೂ ಒಂದು ಪದ, "ಸಾರು" ಅನ್ನೋದೂ ಒಂದು ಪದ. ಅದಕ್ಕೇ ನಾನು ಎಣಿಸೋದು ಅಕ್ಷರ. ಒತ್ತಕ್ಷರ ಒಂದೇ ಅಕ್ಷರ, ಪದದ ಕೊನೆಯ "ರ್", "ಕ್" ಥರದ ಅರ್ಧಾಕ್ಷರ ಲೆಕ್ಕಕ್ಕಿಲ್ಲ. ಸ್ಟಾಪ್‌ವಾಚ್ ಇಟ್ಟು ನೋಡಿದಾಗ, ಅವಸರ ಇಲ್ಲದೆ ಓದಿದರೆ ನನಗೆ ಸೆಕೆಂಡಿಗೆ ಸುಮಾರು 5 ಅಕ್ಷರ ಬರುತ್ತೆ. ನಿಮ್ಮದು ಬೇರೆ ಇರಬಹುದು, ಒಂದು ಪ್ಯಾರಾ ಓದಿ ಅಳೆದುಕೊಳ್ಳಿ. 30 ಸೆಕೆಂಡಿಗೆ 150 ಅಕ್ಷರ ಆಯ್ತು. ಅದರಲ್ಲಿ ಶಾಟ್ ಬದಲಾಗುವಾಗ ಉಸಿರು ಬಿಡೋಕೆ, ಕ್ಲಿಪ್‌ನ "ಟಕ್" ಸದ್ದು ಕೇಳಿಸೋಕೆ ಆರೇಳು ಸೆಕೆಂಡ್ ಬಿಟ್ಟರೆ, 120ರ ಒಳಗೆ ಮುಗಿಸಬೇಕು.

ಕೊನೆಗೆ ನಿಂತ ಸ್ಕ್ರಿಪ್ಟ್ ಇದು. ಬ್ರಾಕೆಟ್‌ನಲ್ಲಿ ವೋಚರ್ ನಂಬರ್ ಇದೆ.

0–3 ಸೆಕೆಂಡ್. ಎರಡೂ ಪಾತ್ರೆ ಮೇಜಿನ ಮೇಲೆ ಪಕ್ಕಪಕ್ಕ.
"ಡಬ್ಬಿ ಎರಡು. ಸಾರು ಮಾತ್ರ ಒಂದಕ್ಕೆ." (1, 5, 6)

3–10. ದೊಡ್ಡ ಪಾತ್ರೆಗೆ ಸಾರು, ಬೆರಳು ರಿಂಗ್ ಮೇಲೆ, ನಾಲ್ಕೂ ಕ್ಲಿಪ್ ಒತ್ತುವುದು ಕಾಣಬೇಕು. ಪರದೆ ಮೇಲೆ: ಅಂಚಿನವರೆಗೆ ಅಳತೆ.
"ದೊಡ್ಡದು ಅರ್ಧ ಲೀಟರ್. ಮುಚ್ಚಳದಲ್ಲಿ ಸಿಲಿಕಾನ್ ರಿಂಗ್ ಇದೆ, ನಾಲ್ಕು ಕ್ಲಿಪ್ ಹಾಕಿದರೆ ಸಾರು ಸೋರಲ್ಲ." (2, 5)

10–15. ಚಿಕ್ಕ ಪಾತ್ರೆ, ಬೀನ್ಸ್ ಪಲ್ಯ. ಪರದೆ ಮೇಲೆ: ಅಂಚಿನವರೆಗೆ ಅಳತೆ.
"ಚಿಕ್ಕದು ಕಾಲು ಲೀಟರ್. ಇದಕ್ಕೆ ರಿಂಗ್ ಇಲ್ಲ, ಒಣ ಪಲ್ಯಕ್ಕೆ ಮಾತ್ರ." (2, 6)

15–21. ಪಾತ್ರೆ ಓರೆ ಮಾಡಿ ಒಳಭಾಗ, ಆಮೇಲೆ ಹೊರಭಾಗ.
"ಊಟ ಮುಟ್ಟುವ ಒಳಪಾತ್ರೆ ತ್ರೀ ನಾಟ್ ಫೋರ್ ಸ್ಟೀಲ್. ಹೊರಗಿನ ಕವಚ, ಮುಚ್ಚಳ ಪ್ಲಾಸ್ಟಿಕ್." (3, 4)

21–26. ಡಬ್ಬಿ ಮಾತ್ರ, ಸುತ್ತ ಬೇರೆ ಏನೂ ಇಲ್ಲ.
"ಮೈಕ್ರೋವೇವ್‌ನಲ್ಲಿ ಇಡಬೇಡಿ. ಚೀಲ ಬೇರೆ ತಗೋಬೇಕು." (7, 9)

26–30. ಕೈಯಲ್ಲಿ ಡಬ್ಬಿ, ಹಗಲು ಬೆಳಕು.
"ಬೆಲೆ, ತೂಕ, ಬಣ್ಣ ಕೆಳಗೆ ಬರೆದಿದೆ." (8, 10)

ಅಕ್ಷರ ಎಣಿಸಿದರೆ 117. ಓದೋಕೆ 23 ಸೆಕೆಂಡ್ ಚಿಲ್ಲರೆ, ಉಳಿದದ್ದು ಉಸಿರು ಮತ್ತು "ಟಕ್". ಪೇಟೆ ಭಾಷೆಯಲ್ಲಿ ಹೇಳೋದಾದರೆ ಹುಕ್ ಅಂತಾರಲ್ಲ, ಮೊದಲ ಮೂರು ಸೆಕೆಂಡ್, ಅದಕ್ಕೆ ನಾನು ಷರತ್ತನ್ನೇ ಹಾಕಿದ್ದೀನಿ. "ಯಾಕೆ ಒಂದಕ್ಕೇ?" ಅಂತ ಕೇಳೋರು ನಿಲ್ತಾರೆ. ಮೊದಲು ಮಾಲೀಕರು "ಇದೇನಮ್ಮ, ನಮ್ಮ ಕುಂದನ್ನ ನಾವೇ ಮೊದಲು ಹೇಳೋದಾ?" ಅಂದರು. ಅವರ ಮಗ ಒಪ್ಪಿಸಿದ.

ಇದು ಅವರದೇ ಪೇಜಿಗೆ ಹೋದ ರೀಲ್. ಇದೇ ಡಬ್ಬಿಯನ್ನ ನಾನು ನನ್ನ ಪೇಜಲ್ಲಿ ತೋರಿಸಿದ್ದರೆ ಇನ್ನೊಂದು ಸಾಲು ಬೇಕಿತ್ತು. ದುಡ್ಡು ತಗೊಂಡರೂ, ಡಬ್ಬಿ ಪುಕ್ಕಟೆ ತಗೊಂಡರೂ ಅದನ್ನ ಹೇಳಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ವಿಡಿಯೋ ಆದರೆ ಅದು ವಿಡಿಯೋ ಒಳಗೇ, ದನಿಯಲ್ಲೂ ಚಿತ್ರದಲ್ಲೂ ಬರಬೇಕು. ಹ್ಯಾಷ್‌ಟ್ಯಾಗ್ ಗುಂಪಿನಲ್ಲಿ ಬಚ್ಚಿಡೋ ಹಾಗಿಲ್ಲ. "ಇದು ಜಾಹೀರಾತು" ಅಂದರೆ ಆರೇ ಅಕ್ಷರ, ಒಂದು ಸೆಕೆಂಡ್ ಚಿಲ್ಲರೆ. ಲೆಕ್ಕದಲ್ಲಿ ಮೊದಲೇ ಎತ್ತಿಟ್ಟುಕೊಳ್ಳಿ.

ಪೋಸ್ಟ್ ಮಾಡೋ ಮುಂಚೆ ಮೂರು ಸಲ ನೋಡಿದೆವು. ಒಂದು ಸಲ ದನಿ ಮುಚ್ಚಿ, ಚಿತ್ರ ಮತ್ತು ಪರದೆಯ ಅಕ್ಷರ ಮಾತ್ರ. ಒಂದು ಸಲ ಕಣ್ಣು ಮುಚ್ಚಿ, ದನಿ ಮಾತ್ರ. ಮೂರನೇದು ಎರಡೂ ಸೇರಿಸಿ, ಪ್ರತಿ ಶಾಟ್ ಬದಲಾಗುವಾಗ ನಿಲ್ಲಿಸಿ, ಆ ಕ್ಷಣದ ಮಾತು ಆ ಕ್ಷಣದ ಪಾತ್ರೆಯ ಬಗ್ಗೆಯೇ ಇದೆಯಾ ಅಂತ. ಬರೆದವರ ಕಣ್ಣಿಗೆ ಬರೆದದ್ದೇ ಕಾಣುತ್ತೆ, ಹಾಗಾಗಿ ಮೂರನೇದನ್ನ ಮೇಸ್ತ್ರಿ ಕೈಯಲ್ಲಿ ಮಾಡಿಸಿದೆ. ಪಟ್ಟಿ ಅವರ ತೊಡೆ ಮೇಲೆ, ಫೋನ್ ನನ್ನ ಕೈಯಲ್ಲಿ. ಅವರು 9ನೇ ಸೆಕೆಂಡಲ್ಲಿ ನಿಲ್ಲಿಸಿದರು. "ಸಾರು ಸೋರಲ್ಲ" ಅನ್ನೋ ಮಾತು ಮುಗಿಯೋ ಮುಂಚೆಯೇ ಶಾಟ್ ಚಿಕ್ಕ ಪಾತ್ರೆಗೆ ಹಾರಿತ್ತು, ಬರೀ ಅರ್ಧ ಸೆಕೆಂಡ್. ಹಳೇ ತಪ್ಪೇ, ಚಿಕ್ಕ ರೂಪದಲ್ಲಿ. ಎಡಿಟ್‌ನಲ್ಲಿ ಆ ಕಟ್ಟನ್ನ ಹಿಂದಕ್ಕೆ ತಳ್ಳಿದೆವು.

ಹಳೇ ರೀಲ್ ತೆಗೆದುಹಾಕಿದ್ದಾರೆ. ಆ ಹುಡುಗನ ಕೀಬೋರ್ಡ್ ಖರ್ಚನ್ನ ಮಾಲೀಕರೇ ಕೊಟ್ಟರು, ನನ್ನ ಸಂಭಾವನೆಯನ್ನ ನಾನು ವಾಪಸ್ ಕೊಟ್ಟೆ. ಅವರು ಅರ್ಧ ಮಾತ್ರ ತಗೊಂಡರು. ಈಗ ಅವರು ಚಿಕ್ಕ ಪಾತ್ರೆಯ ಮುಚ್ಚಳಕ್ಕೂ ರಿಂಗ್ ಕೂರೋ ಹಾಗೆ ಡೈ ಬದಲಾಯಿಸ್ತಿದ್ದಾರೆ. ಅದು ಬಂದ ದಿನ 5 ಮತ್ತು 6ನೇ ಸಾಲು ಬದಲಾಗುತ್ತೆ, ನಾನು ಈ ದನಿಯನ್ನ ಮತ್ತೆ ಮೊದಲಿಂದ ಬರೀಬೇಕು.